ರಾತ್ರಿ ಪಾಳಿ, ಮನೆಯಿಂದಲೇ ಚಾಟ್ ಕೆಲಸ: ಅಸಲಿ ಕಂಪನಿ ಹೇಗೆ ಸೇರಿಸಿಕೊಳ್ಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಏಳು ವರ್ಷ ರಾತ್ರಿ ಪಾಳಿಯ ಚಾಟ್ ಪ್ರೊಸೆಸ್‌ನಲ್ಲಿ ಇದ್ದವನು. ಪ್ರೊಸೆಸ್ ಅಂದರೆ ಒಂದು ಕಂಪನಿಯ ಗ್ರಾಹಕರಿಗೆ ಉತ್ತರಿಸುವ ಕೆಲಸ. ಮೊದಲು ಏಜೆಂಟ್, ಆಮೇಲೆ ಟೀಮ್ ಲೀಡ್. ಕೊನೆಯ ಎರಡು ವರ್ಷ ಹೊಸಬರ ಇಂಟರ್‌ವ್ಯೂ ಕೂಡ ಮಾಡಿದೆ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಫೋನ್ ಹಿಡಿದುಕೊಂಡು ಬಂದು, "ಅಣ್ಣ, ಈ ಕೆಲಸ ಅಸಲಿನಾ ನೋಡು" ಅನ್ನುತ್ತಾರೆ. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಈ ಕೆಲಸದಲ್ಲಿ ನಿಜವಾಗಿ ಏನು ಮಾಡಬೇಕು?

ಗ್ರಾಹಕರು ಆ್ಯಪ್‌ನಲ್ಲೋ ವೆಬ್‌ಸೈಟ್‌ನಲ್ಲೋ "ಸಹಾಯ" ಅನ್ನುವ ಗುಂಡಿ ಒತ್ತುತ್ತಾರಲ್ಲ, ಆ ಕಡೆಯಿಂದ ಉತ್ತರ ಟೈಪ್ ಮಾಡುವವರು ನೀವು. ಪಾರ್ಸೆಲ್ ಬಂದಿಲ್ಲ, ದುಡ್ಡು ಎರಡು ಸಲ ಕಟ್ ಆಗಿದೆ, ಪಾಸ್‌ವರ್ಡ್ ಮರೆತುಹೋಗಿದೆ, ಹೋಟೆಲ್ ಬುಕಿಂಗ್ ರದ್ದು ಮಾಡಬೇಕು. ಮುಕ್ಕಾಲು ಪಾಲು ಇಂಥವೇ.

ಕೇಳೋಕೆ ಸುಲಭ. ಆದರೆ ಒಂದೇ ಹೊತ್ತಿಗೆ ಎರಡು ಚಾಟ್ ತೆರೆದಿರುತ್ತವೆ, ಪಳಗಿದ ಮೇಲೆ ಮೂರು. ಒಬ್ಬರಿಗೆ ರೀಫಂಡ್ ಹುಡುಕುತ್ತಿರುವಾಗ ಇನ್ನೊಬ್ಬರು "ಇದ್ದೀರಾ?" ಅಂತ ಕೇಳಿರುತ್ತಾರೆ. ಎಷ್ಟು ಸೆಕೆಂಡಿನಲ್ಲಿ ಮೊದಲ ಉತ್ತರ ಕೊಟ್ಟಿರಿ, ಒಂದು ಚಾಟ್ ಮುಗಿಸೋಕೆ ಎಷ್ಟು ನಿಮಿಷ ಹಿಡಿಯಿತು, ಕೊನೆಗೆ ಗ್ರಾಹಕರು ಎಷ್ಟು ನಕ್ಷತ್ರ ಕೊಟ್ಟರು ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇದರ ಮೇಲೆ ಕ್ವಾಲಿಟಿ ತಂಡದವರು ವಾರಕ್ಕೆ ನಿಮ್ಮ ಕೆಲವು ಚಾಟ್ ಎತ್ತಿಕೊಂಡು ಓದಿ ಅಂಕ ಹಾಕುತ್ತಾರೆ.

ಬರೆಯುವುದಕ್ಕಿಂತ ಓದುವ ಕೆಲಸವೇ ಜಾಸ್ತಿ. ಗ್ರಾಹಕರು ಕೋಪದಲ್ಲಿ ಅರ್ಧಂಬರ್ಧ ಬರೆದದ್ದರಲ್ಲಿ ಅವರಿಗೆ ಬೇಕಾದದ್ದು ಏನು ಅಂತ ಹಿಡಿಯಬೇಕು. ಭಾಷೆ ಚೆನ್ನಾಗಿರುವವರಿಗೆ ಈ ಕೆಲಸ ಒಗ್ಗುವುದು ಅದಕ್ಕೇ.

ರಾತ್ರಿ ಅಂದರೆ ಎಷ್ಟು ಗಂಟೆಗೆ?

ಗ್ರಾಹಕರು ಯಾವ ದೇಶದವರು ಅನ್ನುವುದರ ಮೇಲೆ ಹೋಗುತ್ತದೆ. ಬ್ರಿಟನ್‌ನ ಬೆಳಿಗ್ಗೆ 9ರಿಂದ ಸಂಜೆ 5 ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30ರಿಂದ ರಾತ್ರಿ 9:30. ಇದು ರಾತ್ರಿ ಪಾಳಿಯೇ ಅಲ್ಲ. ನ್ಯೂಯಾರ್ಕ್ ಕಡೆಯ 9ರಿಂದ 6 ಅಂದರೆ ಸಂಜೆ 6:30ರಿಂದ ಬೆಳಗಿನ ಜಾವ 3:30. ಕ್ಯಾಲಿಫೋರ್ನಿಯಾ ಕಡೆಯದಾದರೆ ರಾತ್ರಿ 9:30ರಿಂದ ಬೆಳಿಗ್ಗೆ 6:30.

ಇದು ಬೇಸಿಗೆಯ ಲೆಕ್ಕ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಇಡುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ನಿಮ್ಮ 6:30ರ ಶಿಫ್ಟ್ 7:30 ಆಗುತ್ತದೆ, ಮುಗಿಯುವುದು ಬೆಳಗಿನ ಜಾವ 4:30ಕ್ಕೆ. ಇಂಟರ್‌ವ್ಯೂನಲ್ಲಿ "ಯಾವ ದೇಶದ ಪ್ರೊಸೆಸ್, ಗಡಿಯಾರ ಬದಲಾದಾಗ ಶಿಫ್ಟ್ ಬದಲಾಗುತ್ತಾ, ವಾರದ ರಜೆ ಯಾವ ದಿನ" ಅಂತ ಕೇಳಿ. ಅಸಲಿ ಕಂಪನಿಯವರು ತಟ್ಟನೆ ಹೇಳುತ್ತಾರೆ, ಯಾಕೆಂದರೆ ರೋಸ್ಟರ್ ಹಾಕುವುದೇ ಅವರ ದಿನದ ತಲೆನೋವು. ನಕಲಿಯವರು "ನಿಮಗೆ ಅನುಕೂಲ ಆದಾಗ ನಾಲ್ಕು ಗಂಟೆ ಮಾಡಿ ಸಾಕು" ಅನ್ನುತ್ತಾರೆ. ಗ್ರಾಹಕರು ಕಾಯುತ್ತಿರುವ ಕೆಲಸದಲ್ಲಿ ನಿಮ್ಮ ಅನುಕೂಲದ ಹೊತ್ತು ಅನ್ನುವುದು ಎಲ್ಲಿಂದ ಬರುತ್ತದೆ ಹೇಳಿ?

ಇಂಗ್ಲಿಷ್ ಬರೆಯೋಕೆ ಬರುತ್ತೆ, ಮಾತಾಡೋಕೆ ಹಿಂಜರಿಕೆ. ನಡೆಯುತ್ತಾ?

ಚಾಟ್‌ಗೆ ನಡೆಯುತ್ತದೆ. ಆದರೆ ಇಂಟರ್‌ವ್ಯೂ ಮಾತಿನಲ್ಲೇ ಇರುತ್ತದೆ, ಟ್ರೈನಿಂಗ್ ಕೂಡ. ಅಮೆರಿಕನ್ ಉಚ್ಚಾರಣೆ ಬೇಡ. ನಿಧಾನವಾಗಿ, ಅರ್ಥವಾಗುವ ಹಾಗೆ ಮಾತಾಡಿದರೆ ಸಾಕು. ಇನ್ನೊಂದು ವಿಷಯ: ಕೆಲವು ಕಡೆ ಚಾಟ್‌ಗೆ ಅಂತ ಸೇರಿಸಿಕೊಂಡು ಆರು ತಿಂಗಳಿಗೆ ಕಾಲ್ಸ್‌ಗೂ ಹಾಕುತ್ತಾರೆ. ಆಫರ್ ಲೆಟರ್‌ನಲ್ಲಿ "ಬ್ಲೆಂಡೆಡ್" ಅನ್ನುವ ಪದ ಇದ್ದರೆ ಚಾಟ್, ಇಮೇಲ್, ಕಾಲ್ ಎಲ್ಲ ಸೇರಿಸಿಯೇ ಹೇಳುತ್ತಿದ್ದಾರೆ ಅಂತ ತಿಳಿಯಿರಿ.

ನನಗೆ ಕನ್ನಡ ಚೆನ್ನಾಗಿದೆ, ಇಂಗ್ಲಿಷ್ ಸುಮಾರು. ರಾತ್ರಿ ಕನ್ನಡದ ಕೆಲಸ ಇದೆಯಾ?

ಇದೆ, ಆದರೆ ಕಡಿಮೆ. ಊಟ ತಲುಪಿಸುವ ಆ್ಯಪ್, ಟ್ಯಾಕ್ಸಿ, ಹಣ ಪಾವತಿ, ಕಾರ್ಡ್ ಕಳೆದುಹೋದಾಗ ಬ್ಲಾಕ್ ಮಾಡುವುದು, ಇವೆಲ್ಲ ರಾತ್ರಿಯೂ ನಡೆಯಬೇಕಾದ ಕೆಲಸ. ಇಲ್ಲಿ ಕನ್ನಡದ ಜೊತೆ ಹಿಂದಿಯನ್ನೋ ತಮಿಳು, ತೆಲುಗನ್ನೋ ಕೇಳುತ್ತಾರೆ. ಕನ್ನಡ ಪ್ರೊಸೆಸ್ ಅಂದರೂ ಒಳಗಿನ ಟೂಲ್, ನಿಯಮ, ಟಿಪ್ಪಣಿ ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತದೆ. ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕೇ ಬೇಕು.

ಗ್ರಾಹಕರಲ್ಲಿ ತುಂಬ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಧಾರವಾಡದವರು ಬರೆದ ಹಾಗೆ ಮಂಗಳೂರಿನವರು ಬರೆಯುವುದಿಲ್ಲ. ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ಒಂದು ಕಸುಬೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬಾಗಲಕೋಟೆಯ ಹುಡುಗನೊಬ್ಬ ಇದರಲ್ಲಿ ಎತ್ತಿದ ಕೈ. ಬೇರೆಯವರು ಮೂರು ಸಲ ಕೇಳುತ್ತಿದ್ದದ್ದು ಅವನಿಗೆ ಒಂದೇ ಓದಿಗೆ ತಿಳಿಯುತ್ತಿತ್ತು.

ಅಸಲಿ ಕಂಪನಿ ಸೇರಿಸಿಕೊಳ್ಳುವ ಕ್ರಮ ಏನು?

ಒಂದು ಉದಾಹರಣೆಯನ್ನೇ ಹೇಳುತ್ತೇನೆ. ಸಾಗರದ ಕಡೆಯ ಹುಡುಗಿ, ಬಿಎ ಮುಗಿಸಿದವಳು. ಅಮೆರಿಕದ ಒಂದು ಅಂಗಡಿಯ ಚಾಟ್ ಪ್ರೊಸೆಸ್‌ಗೆ ಕಂಪನಿಯ ಕೆರಿಯರ್ಸ್ ಪುಟದಲ್ಲೇ ಅರ್ಜಿ ಹಾಕಿದಳು. ಅರ್ಜಿಯಿಂದ ಆಫರ್‌ವರೆಗೆ ಅವಳಿಗೆ ಹಿಡಿದದ್ದು 19 ದಿನ.

ಮೊದಲ ವಾರದಲ್ಲಿ ಆನ್‌ಲೈನ್ ಪರೀಕ್ಷೆಯ ಲಿಂಕ್ ಬಂತು. ಸುಮಾರು ಮುಕ್ಕಾಲು ಗಂಟೆ. ಟೈಪಿಂಗ್, ವ್ಯಾಕರಣ, ಒಂದು ಪ್ಯಾರಾ ಓದಿ ಉತ್ತರಿಸುವುದು, ಆಮೇಲೆ ನಾಟಕದ ಚಾಟ್. ಅಂದರೆ ಪರದೆಯಲ್ಲಿ ಗ್ರಾಹಕರ ಮಾತು ಬರುತ್ತದೆ, ನೀವು ಉತ್ತರ ಬರೆಯಬೇಕು. ಕ್ಯಾಮೆರಾ ಆನ್ ಇರಬೇಕು ಅಂದಿದ್ದರು. ವರ್ಸೆಂಟ್, ಸ್ವಾರ್ ಅನ್ನುವ ಪರೀಕ್ಷೆಗಳ ಹೆಸರು ನಿಮಗೂ ಕೇಳಿಬರಬಹುದು. ಅವು ಮಾತಿನ ಭಾಷೆ ಅಳೆಯುವವು. ವಾಯ್ಸ್ ಕೆಲಸಕ್ಕೆ ಜಾಸ್ತಿ, ಚಾಟ್‌ಗೂ ಕೆಲವರು ಬಳಸುತ್ತಾರೆ. ಯಾವ ಪರೀಕ್ಷೆಯೇ ಆಗಲಿ, ಅದರ ಖರ್ಚು ಕಂಪನಿಯದು.

ಎರಡನೇ ವಾರ ಎಚ್.ಆರ್. ಫೋನ್. ಹದಿನೈದು ನಿಮಿಷ. ರಾತ್ರಿ ಪಾಳಿಗೆ ಮನೆಯಲ್ಲಿ ಒಪ್ಪಿಗೆ ಇದೆಯಾ, ಸಂಬಳ ಎಷ್ಟು ನಿರೀಕ್ಷೆ, ಇಂಟರ್‌ನೆಟ್ ಯಾವುದು ಅಂತ ಕೇಳಿದರು. ಎರಡು ದಿನ ಬಿಟ್ಟು ವಿಡಿಯೊದಲ್ಲಿ ಆಪ್ಸ್ ರೌಂಡ್. ಇಲ್ಲಿ ಕೇಳುವವರು ಎಚ್.ಆರ್. ಅಲ್ಲ, ನಾಳೆ ನಿಮ್ಮನ್ನು ಕೆಲಸಕ್ಕೆ ಹಚ್ಚುವ ಟೀಮ್ ಮ್ಯಾನೇಜರ್. "ನಿಯಮದ ಪ್ರಕಾರ ರೀಫಂಡ್ ಆಗಲ್ಲ, ಗ್ರಾಹಕರು ಬೈಯುತ್ತಿದ್ದಾರೆ, ಏನು ಬರೆಯುತ್ತೀಯ?" ಅಂತ ಕೇಳಿದರಂತೆ. ಅವಳು ಅರ್ಧ ನಿಮಿಷ ಸುಮ್ಮನಿದ್ದು ಯೋಚಿಸಿ ಹೇಳಿದಳು. ಅದು ತಪ್ಪಲ್ಲ. ನಾನಾಗಿದ್ದರೆ ಆ ಅರ್ಧ ನಿಮಿಷಕ್ಕೆ ಅಂಕ ಕೊಡುತ್ತಿದ್ದೆ.

ಮೂರನೇ ವಾರ ಮನೆಯ ತಪಾಸಣೆ: ಇಂಟರ್‌ನೆಟ್ ವೇಗದ ಸ್ಕ್ರೀನ್‌ಶಾಟ್, ಕೂರುವ ಜಾಗದ ಫೋಟೊ. ಆಮೇಲೆ ಆಫರ್ ಲೆಟರ್. ಅದಾದ ಮೇಲೆಯೇ ಪ್ಯಾನ್, ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ವಿವರ ಕೇಳಿದರು. ಅದೂ ಕಂಪನಿಯ ಪೋರ್ಟಲ್‌ನಲ್ಲಿ ಹಾಕುವುದಕ್ಕೆ, ಯಾರದೋ ವಾಟ್ಸ್ಆ್ಯಪ್‌ಗೆ ಕಳಿಸುವುದಕ್ಕಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಅವಳ ಕಾಲೇಜನ್ನೂ ವಿಳಾಸವನ್ನೂ ಪರಿಶೀಲಿಸಿದರು. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಮನೆಗೆ ಬಂತು. ನಾಲ್ಕು ವಾರ ಟ್ರೈನಿಂಗ್, ಸಂಬಳ ಸಹಿತ. ಆಮೇಲೆ ಎರಡು ವಾರ "ನೆಸ್ಟಿಂಗ್": ಅಸಲಿ ಗ್ರಾಹಕರು, ಆದರೆ ಪಕ್ಕದಲ್ಲಿ ಹಳಬರೊಬ್ಬರು ನೋಡಿಕೊಳ್ಳುತ್ತಾರೆ.

ಈ ಕ್ರಮದಲ್ಲಿ ಒಂದು ವಿಷಯ ಗಮನಿಸಿ. ಅವಳು ಒಂದು ರೂಪಾಯಿ ಕೊಡುವ ಮೊದಲೇ, ನಿಜ ಹೇಳಬೇಕೆಂದರೆ ಕೊಡುವ ಪ್ರಶ್ನೆಯೇ ಬಾರದೆ, ಕಂಪನಿ ಅವಳ ಮೇಲೆ ಐದಾರು ಜನರ ಸಮಯ ಖರ್ಚು ಮಾಡಿತು. ಭಾಷೆಯನ್ನು ಎರಡು ಮೂರು ಸಲ ಅಳೆಯಿತು. ಭಾಷೆಯೇ ಬಂಡವಾಳವಾದ ಕೆಲಸಕ್ಕೆ ಭಾಷೆಯನ್ನೇ ಪರೀಕ್ಷಿಸದೆ "ನೀವು ಆಯ್ಕೆ ಆಗಿದ್ದೀರಿ" ಅನ್ನುವವರಿಗೆ ಬೇಕಾಗಿರುವುದು ನಿಮ್ಮ ಭಾಷೆ ಅಲ್ಲ.

ಬರವಣಿಗೆ ಪರೀಕ್ಷೆಯಲ್ಲಿ ಏನು ನೋಡುತ್ತಾರೆ?

ಕನ್ನಡದಲ್ಲೇ ತೋರಿಸುತ್ತೇನೆ, ಇಂಗ್ಲಿಷ್‌ನಲ್ಲೂ ಲೆಕ್ಕ ಇದೇ. ಗ್ರಾಹಕರು ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: "ಎರಡು ಕುಕ್ಕರ್ ಆರ್ಡರ್ ಮಾಡಿದ್ದೆ, ಒಂದೇ ಬಂದಿದೆ. ಮೂರನೇ ಸಲ ಹೇಳ್ತಿದೀನಿ. ನಾಡಿದ್ದು ಮದುವೆಗೆ ಕೊಡ್ಬೇಕು."

ಹೆಚ್ಚಿನವರು ಬರೆಯುವುದು ಇದು: "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ನಿಮ್ಮ ಆರ್ಡರ್ ಸಂಖ್ಯೆ ನೀಡಿ. ನಿಮ್ಮ ಸಮಸ್ಯೆಯನ್ನು ಆದಷ್ಟು ಬೇಗ ಪರಿಹರಿಸಲಾಗುವುದು." ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಮೂರನೇ ಸಲ ಅಂದದ್ದನ್ನೂ ಮದುವೆ ಅಂದದ್ದನ್ನೂ ಓದಿಯೇ ಇಲ್ಲ. ಆರ್ಡರ್ ಸಂಖ್ಯೆ ಪರದೆಯ ಬಲಗಡೆ ಕಾಣುತ್ತಲೇ ಇರುತ್ತದೆ, ಅದನ್ನು ಮತ್ತೆ ಕೇಳಿದ್ದಾರೆ.

ನಾನು ಅಂಕ ಕೊಡುವ ಉತ್ತರ ಹೀಗಿರುತ್ತದೆ: "ಮೂರು ಸಲ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮಿಸಿ. ನಿಮ್ಮ ಆರ್ಡರ್ ನೋಡಿದೆ, ಎರಡರಲ್ಲಿ ಒಂದು ಗೋದಾಮಿನಿಂದಲೇ ಹೊರಟಿಲ್ಲ. ಈಗ ಕಳಿಸಿದರೂ ತಲುಪುವುದು ನಾಲ್ಕನೇ ದಿನಕ್ಕೆ, ಮದುವೆಗೆ ಆಗುವುದಿಲ್ಲ. ಆ ಒಂದರ ದುಡ್ಡು ಈಗಲೇ ವಾಪಸ್ ಹಾಕಲೇ, ಇಲ್ಲ ಕುಕ್ಕರೇ ಬೇಕಾ?" ಇಲ್ಲಿ ಸಿಹಿ ಮಾತಿಲ್ಲ. ಆಗದೇ ಇರುವುದನ್ನು ಆಗಲ್ಲ ಅಂದಿದ್ದಾರೆ, ಮುಂದಿನ ದಾರಿ ಗ್ರಾಹಕರ ಕೈಗೆ ಕೊಟ್ಟಿದ್ದಾರೆ. "ನಾಳೆಯೇ ತಲುಪುತ್ತೆ" ಅಂತ ಸುಳ್ಳು ಭರವಸೆ ಕೊಟ್ಟವರನ್ನು, ಭಾಷೆ ಎಷ್ಟೇ ಚಂದ ಇರಲಿ, ನಾನು ತೆಗೆದುಕೊಂಡಿದ್ದೇ ಇಲ್ಲ.

ಟೈಪಿಂಗ್ ವೇಗ ನಿಮಿಷಕ್ಕೆ 30ರಿಂದ 35 ಪದ ಇದ್ದರೆ ಶುರು ಮಾಡಬಹುದು. ಅದಕ್ಕಿಂತ ತಪ್ಪಿಲ್ಲದೆ ಹೊಡೆಯುವುದು ಮುಖ್ಯ. ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ ಮಾಡಿದರೆ ತಿಂಗಳಲ್ಲಿ ಬರುತ್ತದೆ. ಫೋನಿನಲ್ಲಿ ಹೆಬ್ಬೆರಳಿನಿಂದ ಎಷ್ಟೇ ವೇಗ ಇದ್ದರೂ ಇಲ್ಲಿ ಲೆಕ್ಕಕ್ಕಿಲ್ಲ, ಕೀಬೋರ್ಡ್‌ನಲ್ಲೇ ಬೇಕು.

ಮನೆಯಲ್ಲಿ ಏನೇನು ಇರಬೇಕು?

ವೈರ್ ಇರುವ ಬ್ರಾಡ್‌ಬ್ಯಾಂಡ್. ಮೊಬೈಲ್ ಹಾಟ್‌ಸ್ಪಾಟ್ ಅನ್ನು ಬಹುತೇಕ ಕಂಪನಿಗಳು ಒಪ್ಪುವುದಿಲ್ಲ, ಕರೆಂಟ್ ಹೋದಾಗ ಎರಡನೇ ದಾರಿಯಾಗಿ ಮಾತ್ರ ಇಟ್ಟುಕೊಳ್ಳಿ. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಎಳೆಯಿರಿ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಗೊತ್ತಲ್ವಾ? ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ. ರೂಟರ್‌ಗೇ ಅಂತ ಚಿಕ್ಕ ಯುಪಿಎಸ್ ಸಿಗುತ್ತದೆ, ಅದೊಂದು ಇದ್ದರೆ ಅರ್ಧ ತೊಂದರೆ ತೀರಿತು.

ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಗ್ರಾಹಕರ ಕಾರ್ಡ್, ವಿಳಾಸ ಪರದೆಯಲ್ಲಿ ಕಾಣುವುದರಿಂದ ಮೇಜಿನ ಮೇಲೆ ಫೋನ್, ಪೆನ್ನು, ಕಾಗದ ಇಡಬಾರದು ಅನ್ನುವ ನಿಯಮ ಇರುತ್ತದೆ. ಕ್ಯಾಮೆರಾದಿಂದ ನೋಡುತ್ತಲೂ ಇರಬಹುದು. ಇದು ಕಿರಿಕಿರಿ, ಆದರೆ ಅಸಲಿ ಕಂಪನಿಯ ಲಕ್ಷಣವೂ ಹೌದು.

ಲ್ಯಾಪ್‌ಟಾಪ್‌ಗೆ ಡಿಪಾಸಿಟ್ ಕೇಳಿದ್ದಾರೆ, "ವಾಪಸ್ ಕೊಡ್ತೀವಿ" ಅಂದಿದ್ದಾರೆ. ಕೊಡಲಾ?

ಬೇಡ. ಅಸಲಿ ಕಂಪನಿ ಲ್ಯಾಪ್‌ಟಾಪ್ ಕೊಡುವಾಗ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ: ಕೆಲಸ ಬಿಟ್ಟಾಗ ವಾಪಸ್ ಕೊಡುತ್ತೇನೆ, ಇಲ್ಲದಿದ್ದರೆ ಕೊನೆಯ ಸಂಬಳದಲ್ಲಿ ಹಿಡಿಯಬಹುದು ಅಂತ. ಮುಂಗಡ ಹಣ ಕೇಳುವುದಿಲ್ಲ. ಕೆಲವು ಕಡೆ ನಿಮ್ಮದೇ ಕಂಪ್ಯೂಟರ್ ಬಳಸಿ ಅನ್ನುತ್ತಾರೆ, ಅದು ಬೇರೆ ಮಾತು, ಅದರಲ್ಲೂ ದುಡ್ಡು ಕೈ ಬದಲಾಗುವುದಿಲ್ಲ.

ನಕಲಿಯವರ ಲೆಕ್ಕ ಚಿಕ್ಕದರಿಂದ ಶುರುವಾಗುತ್ತದೆ. ಮೊದಲು ಐಡಿ ಕಾರ್ಡ್‌ಗೆ ಸಾವಿರ ಚಿಲ್ಲರೆ. ಕೊಟ್ಟರೆ ಎರಡು ದಿನಕ್ಕೆ ಲ್ಯಾಪ್‌ಟಾಪ್ ಭದ್ರತಾ ಠೇವಣಿ. ಅದನ್ನೂ ಕೊಟ್ಟರೆ ಟ್ರೈನಿಂಗ್ ಕಿಟ್, ಆಮೇಲೆ ಕೊರಿಯರ್ ವಿಮೆ. ಪ್ರತಿ ಸಲ ಹಿಂದಿನದನ್ನು ಉಳಿಸಿಕೊಳ್ಳೋಕೆ ಇನ್ನಷ್ಟು ಕೊಡಬೇಕು ಅನಿಸುವ ಹಾಗೆ ಮಾಡುತ್ತಾರೆ. ಮೊದಲ ಸಾವಿರಕ್ಕೇ ನಿಲ್ಲಿಸಿ.

ಇಮೇಲ್ ನೋಡಿದರೆ ದೊಡ್ಡ ಕಂಪನಿಯದೇ ಅನಿಸುತ್ತೆ. ಹೇಗೆ ತಿಳಿಯಲಿ?

ಲೋಗೊ ನೋಡಬೇಡಿ, ವಿಳಾಸ ನೋಡಿ. ಕಳಿಸಿದವರ ಹೆಸರಿನ ಮೇಲೆ ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತದೆ. ಕಂಪನಿಯ ವೆಬ್‌ಸೈಟ್ `example.com` ಅಂದುಕೊಳ್ಳಿ. ಆಗ:

```
hr@example.com            ಸರಿ
hr@jobs.example.com       ಸರಿ
hr@example-careers.com    ಬೇರೆ ಯಾರದೋ
example.hr@gmail.com      ಬೇರೆ ಯಾರದೋ
```

ಗುಟ್ಟು ಇಷ್ಟೇ: `.com`ಗೆ ಒತ್ತಾಗಿ ಹಿಂದೆ ಇರುವ ಪದವೇ ಮಾಲೀಕರ ಹೆಸರು. ಅದರ ಹಿಂದೆ ಚುಕ್ಕಿ ಹಾಕಿ ಏನು ಬೇಕಾದರೂ ಸೇರಿಸುವುದು ಮಾಲೀಕರ ಕೈಯಲ್ಲಿದೆ. ಆದರೆ ಅಡ್ಡಗೆರೆ ಹಾಕಿ ಇನ್ನೊಂದು ಪದ ಅಂಟಿಸಿದರೆ ಅದು ಬೇರೆಯೇ ಹೆಸರು, ಯಾರು ಬೇಕಾದರೂ ಕೊಳ್ಳಬಹುದು. ದೊಡ್ಡ ಕಂಪನಿಯೂ ಕೆಲವೊಮ್ಮೆ ಕೆಲಸಕ್ಕೆ ಅಂತ ಬೇರೆ ವಿಳಾಸ ಇಟ್ಟಿರುತ್ತದೆ. ಅಮೆಜಾನ್‌ನವರದು `amazon.jobs`, ಅದು ಅವರದ್ದೇ. ಇದು ನಿಮಗೆ ತಿಳಿಯಬೇಕಾದರೆ ಬಂದ ಲಿಂಕ್ ಒತ್ತಬಾರದು. ಕಂಪನಿಯ ಮುಖ್ಯ ವೆಬ್‌ಸೈಟ್‌ಗೆ ನೀವೇ ಹೋಗಿ, ಅಲ್ಲಿಂದ ಕೆರಿಯರ್ಸ್ ಪುಟಕ್ಕೆ ಹೋಗಿ, ಅದೇ ಕೆಲಸ ಅಲ್ಲಿದೆಯಾ ನೋಡಿ.

ಆಫರ್ ಲೆಟರ್‌ನಲ್ಲಿ ಸಿಐಎನ್ ಅಂತ 21 ಅಕ್ಷರ ಮತ್ತು ಅಂಕಿ ಇರುವ, ಕಂಪನಿಯ ನೋಂದಣಿಯ ಒಂದು ಸಂಖ್ಯೆ ಇರಬಹುದು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ `mca.gov.in`ನಲ್ಲಿ ಅದನ್ನು ಹುಡುಕಬಹುದು. ಅದರೊಳಗೇ ರಾಜ್ಯದ ಎರಡಕ್ಷರವೂ (ಕರ್ನಾಟಕಕ್ಕೆ KA) ನೋಂದಣಿಯ ವರ್ಷವೂ ಇರುತ್ತವೆ. "ಇಪ್ಪತ್ತು ವರ್ಷದಿಂದ ಇದ್ದೇವೆ" ಅನ್ನುವವರ ಸಂಖ್ಯೆಯಲ್ಲಿ 2024 ಇದ್ದರೆ ಅನುಮಾನ ಪಡಿ. ಆದರೆ ಇದಕ್ಕೂ ಒಂದು ಮಿತಿ ಇದೆ. ಸಿಐಎನ್ ಸರಿ ಇದ್ದರೆ ಆ ಕಂಪನಿ ಇದೆ ಅಂತ ಮಾತ್ರ ಗೊತ್ತಾಗುತ್ತದೆ, ಪತ್ರ ಕಳಿಸಿದವರು ಅವರೇ ಅಂತ ಅಲ್ಲ. ಇನ್ನೊಬ್ಬರ ಸಂಖ್ಯೆ ನಕಲು ಹೊಡೆಯುವುದು ಎಷ್ಟು ಹೊತ್ತಿನ ಕೆಲಸ!

"ಇದು ಚಾಟ್ ಕೆಲಸ, ಹಾಗಾಗಿ ಇಂಟರ್‌ವ್ಯೂ ಕೂಡ ಚಾಟ್‌ನಲ್ಲೇ" ಅಂತ ಟೆಲಿಗ್ರಾಮ್‌ಗೆ ಕರೆದರು.

ಕೇಳೋಕೆ ಎಷ್ಟು ಸರಿ ಅನಿಸುತ್ತೆ ನೋಡಿ! ಅಸಲಿಯವರು ಬರವಣಿಗೆ ಪರೀಕ್ಷೆ ಮಾಡಿಯೂ ಒಂದು ಸಲವಾದರೂ ಮುಖ ನೋಡಿ ಮಾತಾಡುತ್ತಾರೆ. ಪರೀಕ್ಷೆ ಬರೆದವರೇ ನಾಳೆ ಕೆಲಸಕ್ಕೆ ಕೂರುವವರು ಅಂತ ಅವರಿಗೂ ಖಾತ್ರಿ ಬೇಕಲ್ಲ.

ಟೆಲಿಗ್ರಾಮ್‌ನಲ್ಲಿ ಮುಂದೆ ನಡೆಯುವುದು ಹೆಚ್ಚಾಗಿ ಇದು. ಮೊದಲು ಯಾವುದೋ ಹೋಟೆಲ್‌ಗೆ ನಕ್ಷತ್ರ ಹಾಕಿ, ವಿಡಿಯೊಗೆ ಲೈಕ್ ಒತ್ತಿ ಅನ್ನುತ್ತಾರೆ. ನೂರೋ ಇನ್ನೂರೋ ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಆಮೇಲೆ "ಪ್ರೀಪೇಯ್ಡ್ ಟಾಸ್ಕ್": ಸಾವಿರ ಹಾಕಿದರೆ ಸಾವಿರದ ಮುನ್ನೂರು. ಅದೂ ಒಮ್ಮೆ ವಾಪಸ್ ಬರಬಹುದು. ಮೊತ್ತ ದೊಡ್ಡದಾದ ದಿನ ದುಡ್ಡು ಪರದೆಯಲ್ಲಿ ಅಂಕಿಯಾಗಿ ಮಾತ್ರ ಉಳಿಯುತ್ತದೆ. ಗ್ರಾಹಕರೇ ಇಲ್ಲದ ಕಸ್ಟಮರ್ ಸಪೋರ್ಟ್ ಅದು.

ಇನ್ನೊಂದು ಬಗೆ: "ಫ್ರೆಂಡ್‌ಶಿಪ್ ಚಾಟ್". ಸುಳ್ಳು ಹೆಸರು, ಯಾರದೋ ಫೋಟೊ ಇಟ್ಟುಕೊಂಡು ಒಂಟಿ ಜನರ ಜೊತೆ ಮಾತಾಡಿ ಅವರು ದುಡ್ಡು ಹಾಕುವ ಹಾಗೆ ಮಾಡುವುದು. ಜಾಹೀರಾತಿನಲ್ಲಿ ಇದನ್ನೂ ಚಾಟ್ ಸಪೋರ್ಟ್ ಅಂತಲೇ ಬರೆಯುತ್ತಾರೆ. ಯಾವ ಕಂಪನಿಯ ಯಾವ ಸೇವೆಗೆ ಸಪೋರ್ಟ್ ಅಂತ ಕೇಳಿ. ಉತ್ತರ ತೇಲಿಸಿದರೆ ಬಿಟ್ಟುಬಿಡಿ.

ಫಾರ್ಮ್ ತುಂಬುವ ಕೆಲಸ ಅಂತ ಸೇರಿದೆ, ಈಗ ವಕೀಲರ ನೋಟಿಸ್ ಬಂದಿದೆ. ದಂಡ ಕಟ್ಟಬೇಕಾ?

ಗಾಬರಿ ಬೇಡ. ಇದು ಹಳೆಯ ಆಟ. ಐದು ದಿನದಲ್ಲಿ ಇಷ್ಟು ಫಾರ್ಮ್, ಇಷ್ಟು ಶೇಕಡಾ ತಪ್ಪಿಲ್ಲದೆ ತುಂಬಬೇಕು ಅಂತ ಒಪ್ಪಂದಕ್ಕೆ ಆನ್‌ಲೈನ್ ಸಹಿ ಹಾಕಿಸುತ್ತಾರೆ. ಆಗದ ಹಾಗೆಯೇ ಕೆಲಸ ಕೊಡುತ್ತಾರೆ. ಆಮೇಲೆ "ಕರಾರು ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೇಸು" ಅಂತ ಪಿಡಿಎಫ್ ಕಳಿಸಿ, ವಕೀಲರ ಹೆಸರಿನಲ್ಲಿ ಫೋನೂ ಮಾಡುತ್ತಾರೆ. ಕೋರ್ಟಿನ ಸಮನ್ಸ್ ವಾಟ್ಸ್ಆ್ಯಪ್‌ನಲ್ಲಿ ಯುಪಿಐ ಸಂಖ್ಯೆಯ ಜೊತೆ ಬರುವುದಿಲ್ಲ. ದುಡ್ಡು ಕಟ್ಟಬೇಡಿ, ಸಂದೇಶ ಅಳಿಸಬೇಡಿ. ಅವನ್ನೇ ಇಟ್ಟುಕೊಂಡು ಸೈಬರ್ ಠಾಣೆಗೆ ದೂರು ಕೊಡಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ನಿಮ್ಮೂರಿನ ವಕೀಲರೊಬ್ಬರಿಗೆ ಆ ಪತ್ರ ತೋರಿಸಿ.

ಸಂಬಳ ಸರಿಯಾಗಿ ಕೊಡುತ್ತಾರೆ, ಆದರೆ ಕೆಲಸವೇ ಸರಿ ಇಲ್ಲ ಅನಿಸಿದರೆ?

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಅಮೆರಿಕದ ವಯಸ್ಸಾದವರಿಗೆ "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ" ಅಂತ ಹೆದರಿಸಿ ದುಡ್ಡು ಕೀಳುವ ಕಾಲ್ ಸೆಂಟರ್‌ಗಳು ನಮ್ಮ ದೇಶದಲ್ಲೇ ಇವೆ, ಪೊಲೀಸರು ದಾಳಿ ಮಾಡಿದಾಗ ಹೆಡ್‌ಸೆಟ್ ಹಾಕಿಕೊಂಡು ಕೂತವರೇ ಮೊದಲು ಸಿಕ್ಕಿಬೀಳುತ್ತಾರೆ. ಕಂಪ್ಯೂಟರ್ ಮೂಲಕ ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು.

ಗುರುತು ಹಿಡಿಯುವುದು ಕಷ್ಟವಲ್ಲ. ಅಮೆರಿಕನ್ ಹೆಸರು ಇಟ್ಟುಕೊಳ್ಳಿ ಅನ್ನುವುದಷ್ಟೇ ಆದರೆ ಅದು ಮಾಮೂಲಿ. ಆದರೆ ಬೇರೆ ಕಂಪನಿಯವರು ಅಂತ ಹೇಳಿಕೊಳ್ಳಿ ಅಂದರೆ, ದುಡ್ಡನ್ನು ಗಿಫ್ಟ್ ಕಾರ್ಡ್‌ನಲ್ಲಿ ತರಿಸಿ ಅಂದರೆ, ನಿಮ್ಮ ಬ್ಯಾಂಕ್ ಖಾತೆಗೆ ಗ್ರಾಹಕರ ದುಡ್ಡು ಹಾಕಿಸಿ ಮುಂದಕ್ಕೆ ಕಳಿಸಿ ಅಂದರೆ ಅವತ್ತೇ ಎದ್ದು ಬನ್ನಿ. ಖಾತೆ ಕೊಟ್ಟವರ ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಮೊದಲು ಬರುವುದೂ ಅವರ ಮನೆಗೇ.

ವಿದೇಶದ "ಕಸ್ಟಮರ್ ಸಪೋರ್ಟ್" ಕೆಲಸಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ ಅಂದರೂ ಹಾಗೆಯೇ. ಥಾಯ್ಲೆಂಡ್‌ನಲ್ಲಿ ಕೆಲಸ ಅಂತ ಕರೆದು ಮ್ಯಾನ್ಮಾರ್‌ಗೆ ಸಾಗಿಸುತ್ತಿದ್ದಾರೆ, ಜಾಗ್ರತೆ ಅಂತ ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು.

ವರ್ಷಕ್ಕೆ 3 ಲಕ್ಷ ಸಿಟಿಸಿ ಅಂದಿದ್ದಾರೆ. ಕೈಗೆ ಎಷ್ಟು ಬರುತ್ತೆ?

ಸಿಟಿಸಿ ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ತಿಂಗಳಿಗೆ 25,000 ಅಂತ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಮೂಲ ವೇತನ 12,500 ಅಂದುಕೊಳ್ಳಿ. ಪಿಎಫ್‌ಗೆ ಅದರ ಶೇ. 12, ಅಂದರೆ 1,500 ನಿಮ್ಮದು, ಇನ್ನೊಂದು 1,500 ಕಂಪನಿಯದು. ಕಂಪನಿಯ ಪಾಲನ್ನೂ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. 25,000ದಲ್ಲಿ ಎರಡೂ ಕಳೆದರೆ 22,000. ಗ್ರಾಚ್ಯುಟಿ, ಆರೋಗ್ಯ ವಿಮೆಯನ್ನೂ ಸಿಟಿಸಿಯೊಳಗೆ ತುರುಕಿದ್ದರೆ ಇನ್ನೂ ಇಳಿಯುತ್ತದೆ. ಪಿಎಫ್ ದುಡ್ಡು ನಿಮ್ಮದೇ, ಎಲ್ಲೂ ಹೋಗಲ್ಲ, ಆದರೆ ಈ ತಿಂಗಳ ಬಾಡಿಗೆಗೆ ಅದು ಬರಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ನೈಟ್ ಶಿಫ್ಟ್ ಅಲೋವೆನ್ಸ್ ಸಿಟಿಸಿಯ ಒಳಗಾ, ಹೊರಗಾ? ಒಳಗಾದರೆ, ಹಗಲಿನ ಪಾಳಿಗೆ ಹಾಕಿದ ತಿಂಗಳು ಸಂಬಳ ಕಡಿಮೆ ಬರುತ್ತದೆ. ಹೊಸಬರಿಗೆ "ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 45,000" ಅಂದರೆ ನಕ್ಕು ಮುಂದೆ ಹೋಗಿ.

ವಿದೇಶದ ಚಿಕ್ಕ ಕಂಪನಿಯೊಂದು ನೇರವಾಗಿ ಕರೆದಿದೆ. ಪಿಎಫ್ ಇಲ್ಲ ಅನ್ನುತ್ತಾರೆ. ನಕಲಿನಾ?

ಹಾಗೇನಿಲ್ಲ. ಭಾರತದಲ್ಲಿ ಕಚೇರಿ ಇಲ್ಲದವರು ಕಾಂಟ್ರಾಕ್ಟರ್ ಆಗಿ ಸೇರಿಸಿಕೊಳ್ಳುತ್ತಾರೆ. ನೀವು ತಿಂಗಳಿಗೆ ಬಿಲ್ ಕಳಿಸುತ್ತೀರಿ, ದುಡ್ಡು ಬ್ಯಾಂಕಿಗೆ ಬರುತ್ತದೆ, ತೆರಿಗೆ ನಿಮ್ಮ ಜವಾಬ್ದಾರಿ. ಅಮೆರಿಕದ ಕಂಪನಿ `W-8BEN` ಅನ್ನುವ ಫಾರ್ಮ್ ತುಂಬಿಸಿಕೊಂಡರೆ ಹೆದರಬೇಡಿ, ಅದು ಅವರ ತೆರಿಗೆ ಇಲಾಖೆಗೆ ನೀವು ಅಲ್ಲಿನವರಲ್ಲ ಅಂತ ತೋರಿಸೋಕೆ. ಗಂಟೆಗೆ ಎಷ್ಟು, ಯಾವ ತಾರೀಕಿಗೆ, ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಈ ಮೂರೂ ಕರಾರಿನಲ್ಲಿ ಬರಹದಲ್ಲಿ ಇರಲಿ. "ಒಂದು ವಾರ ಪುಕ್ಕಟೆ ಟ್ರಯಲ್" ಅಂದರೆ ಬೇಡ ಅನ್ನಿ. ಒಂದು ಗಂಟೆಯ ಪರೀಕ್ಷೆ ಸರಿ, ವಾರ ಪೂರ್ತಿ ಅವರ ಅಸಲಿ ಗ್ರಾಹಕರಿಗೆ ಉತ್ತರಿಸಿದರೆ ಅದು ಕೆಲಸ.

ದುಡ್ಡು ಕಳಿಸಿಬಿಟ್ಟೆ. ಈಗೇನು ಮಾಡಲಿ?

ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಅಲ್ಲ, ಈಗಲೇ. ದುಡ್ಡು ಇನ್ನೂ ಮೊದಲ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ಒಂದು ಸಲ ನಾಲ್ಕೈದು ಖಾತೆಗೆ ಹಂಚಿಹೋದರೆ ಕಷ್ಟ. ಯುಪಿಐ ವ್ಯವಹಾರದ ಸಂಖ್ಯೆ, ಹೊತ್ತು, ಮೊತ್ತ ಎದುರಿಗಿಟ್ಟುಕೊಳ್ಳಿ. ಬ್ಯಾಂಕಿಗೂ ತಿಳಿಸಿ. ಆಮೇಲೆ `cybercrime.gov.in`ನಲ್ಲಿ ದೂರು ದಾಖಲಿಸಿ. ನಾಚಿಕೆಯಿಂದ ಮನೆಯಲ್ಲಿ ಮುಚ್ಚಿಡುತ್ತಾ ಎರಡು ದಿನ ಕಳೆದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಆಧಾರ್, ಪ್ಯಾನ್ ಕೂಡ ಕಳಿಸಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ, ನಾಳೆ ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ತೆಗೆದರೆ ಉಪಯೋಗಕ್ಕೆ ಬರುತ್ತದೆ.

ಹಗಲು ನಿದ್ದೆ ಬರುತ್ತಾ?

ನಿದ್ದೆ ಬರುತ್ತದೆ, ಮನೆಯವರು ಬಿಡುವುದಿಲ್ಲ. ನಮ್ಮ ಅಮ್ಮ ಮೊದಲ ತಿಂಗಳು ದಿನಾ ಬೆಳಿಗ್ಗೆ ಹತ್ತಕ್ಕೆ "ತಿಂಡಿ ಆರಿ ಹೋಗ್ತಿದೆ" ಅಂತ ಎಬ್ಬಿಸುತ್ತಿದ್ದರು. ಕಿಟಕಿಗೆ ದಪ್ಪ ಪರದೆ, ಬಾಗಿಲಿಗೆ ಒಂದು ಚೀಟಿ, ರಜೆಯ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಲಗುವುದು, ಇಷ್ಟು ಮಾಡಿದ ಮೇಲೆ ನನಗೆ ಸುಧಾರಿಸಿತು. ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳಲಾರೆ. ಮೂರು ತಿಂಗಳಾದರೂ ಒಗ್ಗದಿದ್ದರೆ ಬ್ರಿಟನ್ ಅಥವಾ ಆಸ್ಟ್ರೇಲಿಯಾ ಪ್ರೊಸೆಸ್‌ಗೆ ಬದಲಾವಣೆ ಕೇಳಿ.

ಸೇರಿಯಾಯಿತು. ಇನ್ನು ನೋಡಬೇಕಾದದ್ದು ಇದೆಯಾ?

ಒಂದಿದೆ. ಸ್ಲಿಪ್‌ನಲ್ಲಿ ಪಿಎಫ್ ಕಟ್ ಆಗಿದೆ ಅಂದ ಮಾತ್ರಕ್ಕೆ ಅದು ಸಂದಾಯ ಆಗಿದೆ ಅಂತ ಅಲ್ಲ. ಈ ತಿಂಗಳ ಪಿಎಫ್ ಅನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎರಡನೇ ತಿಂಗಳ ಕೊನೆಗೆ ಪಿಎಫ್ ಖಾತೆಗೆ ಕೊಟ್ಟ ನಿಮ್ಮ ಯುಎಎನ್ ಸಂಖ್ಯೆ ಹಾಕಿ ಇಪಿಎಫ್‌ಒ ಪಾಸ್‌ಬುಕ್ ತೆರೆದು ನೋಡಿ. ನನ್ನ ಮೊದಲ ಕಂಪನಿಯಲ್ಲಿ ಹಾಗೆ ನೋಡಲೇ ಇಲ್ಲ. ಎಂಟು ತಿಂಗಳು ಸಂಬಳದಲ್ಲಿ ಹಿಡಿದದ್ದು ಪಾಸ್‌ಬುಕ್‌ನಲ್ಲಿ ಮೂರೇ ತಿಂಗಳು ಕಾಣಿಸಿತು. ಉಳಿದದ್ದನ್ನು ಕಟ್ಟಿಸಿಕೊಳ್ಳೋಕೆ ಒಂದು ವರ್ಷ ಓಡಾಡಿದೆ.